ಸಿವಿಯಲ್ಲಿ ಖಾಲಿ ಬಿದ್ದ 11 ತಿಂಗಳು

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿದು ಅಪ್ಪ ಒರಗು ಕುರ್ಚಿಯಲ್ಲಿ ಮಂಪರಿಗೆ ಜಾರಿದ್ದ ಹೊತ್ತಿಗೆ, ನಮ್ಮಣ್ಣನ ಮಗಳು ಪುಟ್ಟಿ ಲ್ಯಾಪ್‌ಟಾಪ್ ತೆಗೆದುಕೊಂಡು ಅಡುಗೆಮನೆಗೆ ಬಂದಳು. ಯೂರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ಅಂತರ್ಜಲ ವಿಜ್ಞಾನದ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತಿದ್ದಾಳೆ. ಅದಕ್ಕೊಂದು ಎಸ್‌ಒಪಿ ಬೇಕು, ಅಂದರೆ ಯಾಕೆ ಈ ಕೋರ್ಸು, ಯಾಕೆ ನೀನು ಅಂತ ಅಭ್ಯರ್ಥಿಯೇ ತನ್ನ ಮಾತಿನಲ್ಲಿ ಬರೆದುಕೊಡುವ ಹೇಳಿಕೆ. 800 ಪದಗಳ ಮಿತಿ.

"ಅತ್ತೆ, ಇದೊಂಚೂರು ನೋಡ್ತೀಯಾ? ಗ್ರಾಮರ್ ಎಲ್ಲಾದ್ರೂ ತಪ್ಪಿದ್ರೆ ಹೇಳು, ಅಷ್ಟೇ ಸಾಕು."

ಗ್ರಾಮರ್ ಎಲ್ಲೂ ತಪ್ಪಿರಲಿಲ್ಲ. ಅವಳು ಬರೆದಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. "ನಾನು 2023ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿಯನ್ನು 8.4 ಸಿಜಿಪಿಎಯೊಂದಿಗೆ ಮುಗಿಸಿದೆ. ಆರನೇ ಸೆಮಿಸ್ಟರಿನ ನಂತರ ಎಂಟು ವಾರ ಒಂದು ಕನ್ಸಲ್ಟೆನ್ಸಿಯಲ್ಲಿ ಇಂಟರ್ನ್ ಆಗಿದ್ದೆ. ಕಾಲೇಜಿನ ಎನ್ಎಸ್ಎಸ್ ಘಟಕದಲ್ಲಿ ಸಕ್ರಿಯಳಾಗಿದ್ದೆ. ಮಳೆನೀರು ಕೊಯ್ಲಿನ ಬಗ್ಗೆ ಪ್ರಾಜೆಕ್ಟ್ ಮಾಡಿದ್ದೇನೆ. ನಗರದ ತೆರೆದ ಬಾವಿಗಳ ನೀರಿನ ಮಟ್ಟವನ್ನು ಅಧ್ಯಯನ ಮಾಡಿದ್ದೇನೆ. ಪೈಥಾನ್ ಮತ್ತು ಕ್ಯೂಜಿಐಎಸ್ ಬಳಸಬಲ್ಲೆ." ಹೀಗೇ ಎರಡು ಪುಟ.

ಅವಳ ಸಿವಿಯನ್ನೂ ಪ್ರಿಂಟ್ ಹಾಕಿಸಿ ತರಲು ಹೇಳಿದೆ. ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಗೆ ಹೋಗಿ ಎರಡನ್ನೂ ತಂದಳು. ಕೈಗೆ ಹಳದಿ ಹೈಲೈಟರ್ ಕೊಟ್ಟು, "ಎಸ್‌ಒಪಿಯ ಯಾವ ವಾಕ್ಯದ ವಿಷಯ ಸಿವಿಯಲ್ಲಿ ಆಗಲೇ ಇದೆಯೋ ಅದಕ್ಕೆಲ್ಲ ಬಣ್ಣ ಹಚ್ಚು" ಅಂದೆ. 31 ವಾಕ್ಯಗಳಲ್ಲಿ 23 ಹಳದಿಯಾದವು. ಉಳಿದ ಎಂಟರಲ್ಲಿ ಮೂರು, ಚಿಕ್ಕಂದಿನಿಂದಲೂ ನೀರೆಂದರೆ ತನಗೆ ಆಸಕ್ತಿ ಅನ್ನುವಂಥವು. ಇನ್ನು ಮೂರು, ನಿಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ ಅನ್ನುವಂಥವು. ಎರಡು ವಂದನೆಯವು. ಪುಟ್ಟಿ ಹಳದಿ ಹಾಳೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಕಷ್ಟಪಟ್ಟು ಎರಡು ವಾರ ಕೂತು ಬರೆದಿದ್ದು ಅದು. ನನಗೂ ಪಾಪ ಅನ್ನಿಸಿತು.

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 18 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ವಿಭಾಗದ ಪಿಎಚ್‌ಡಿ ಆಯ್ಕೆ ಸಮಿತಿಯಲ್ಲೂ ಇದ್ದೇನೆ. ಆ ಕಡೆ ಕೂತವರು ಹೇಗೆ ಓದುತ್ತಾರೆ ಅನ್ನೋದು ಅರ್ಜಿ ಹಾಕುವ ಮಕ್ಕಳಿಗೆ ಗೊತ್ತಿರುವುದಿಲ್ಲ, ಅದನ್ನು ಅವಳಿಗೆ ಹೇಳಿದೆ. ನಮ್ಮ ಮುಂದೆ ಒಬ್ಬೊಬ್ಬರದೂ ಒಂದು ಫೈಲ್ ಇರುತ್ತದೆ. ಮಾರ್ಕ್ಸ್ ಕಾರ್ಡು, ಸಿವಿ, ಹೇಳಿಕೆ, ಶಿಫಾರಸು ಪತ್ರಗಳು. ನಾನು ಮೊದಲು ಸಿವಿ ನೋಡುತ್ತೇನೆ, ಒಂದೆರಡು ನಿಮಿಷ. ಓದುತ್ತಾ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾ ಹೋಗುತ್ತೇನೆ. ಇಲ್ಲಿ ಒಂದು ವರ್ಷ ಎಲ್ಲಿ ಹೋಯಿತು? ಸ್ಟ್ರಕ್ಚರ್ಸ್ ಮಾಡುತ್ತಿದ್ದವರು ನೀರಿನ ಕಡೆಗೆ ಯಾಕೆ ತಿರುಗಿದರು? ಈ ಪ್ರಾಜೆಕ್ಟಿನಲ್ಲಿ ನಾಲ್ಕು ಜನ ಇದ್ದರು, ಇವರು ಮಾಡಿದ್ದು ಯಾವ ಭಾಗ? ಆಮೇಲೆ ಹೇಳಿಕೆ ತೆಗೆಯುವುದು ಆ ಚಿಹ್ನೆಗಳಿಗೆ ಉತ್ತರ ಸಿಗುತ್ತದೇನೋ ಅಂತ. ಅಲ್ಲಿ ಮತ್ತೆ ಅದೇ 8.4, ಅದೇ ಇಂಟರ್ನ್‌ಶಿಪ್ಪು ಕಂಡರೆ ಓದುವವರಿಗೆ ಸಿಟ್ಟೇನೂ ಬರುವುದಿಲ್ಲ. ಕಣ್ಣು ಸುಮ್ಮನೆ ಕೆಳಕ್ಕೆ ಜಾರುತ್ತದೆ. ಪ್ರಶ್ನೆ ಪ್ರಶ್ನೆಯಾಗೇ ಉಳಿಯುತ್ತದೆ, ಫೈಲು ಮುಚ್ಚುತ್ತದೆ.

ಪುಟ್ಟಿಯ ಸಿವಿಗೆ ನಾನೂ ಪೆನ್ಸಿಲ್ ಹಿಡಿದೆ. ಎರಡು ಕಡೆ ಚಿಹ್ನೆ ಬಿತ್ತು. ಒಂದು, ಡಿಗ್ರಿ ಮುಗಿದಿದ್ದು 2023ರ ಜೂನ್, ಕೆಲಸಕ್ಕೆ ಸೇರಿದ್ದು 2024ರ ಜೂನ್, ನಡುವಿನದು ಖಾಲಿ. ಇನ್ನೊಂದು, 'ಪ್ರಾಜೆಕ್ಟ್‌ಗಳು' ಅನ್ನುವ ತಲೆಬರಹದ ಕೆಳಗೆ ಐದನೆಯ ಸಾಲು: "ತೆರೆದ ಬಾವಿಗಳ ಜಲಮಟ್ಟ ಅಧ್ಯಯನ, 5 ಬಾವಿ, 47 ವಾರ." ಮಿಕ್ಕ ಪ್ರಾಜೆಕ್ಟ್‌ಗಳಿಗೆ ಕಾಲೇಜಿನ ಹೆಸರು, ಗೈಡ್ ಹೆಸರು ಇತ್ತು. ಇದಕ್ಕೆ ಏನೂ ಇರಲಿಲ್ಲ.

ನನಗೆ ಉತ್ತರ ಗೊತ್ತಿತ್ತು, ಯಾಕೆಂದರೆ ಆ ಐದರಲ್ಲಿ ಒಂದು ನಮ್ಮ ಹಿತ್ತಲ ಬಾವಿ. ಆದರೂ ಗೊತ್ತಿಲ್ಲದವಳ ಹಾಗೆ ಕೇಳಿದೆ. "ಲ್ಯಾಪ್‌ಟಾಪ್ ಮುಚ್ಚು. ಇಂಗ್ಲಿಷ್ ಬೇಡ. ಆ ವರ್ಷ ಏನಾಯ್ತು, ಮೊದಲಿಂದ ಹೇಳು."

ಅವಳು ಹೇಳತೊಡಗಿದಳು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

2023ರ ಮೇ ಕೊನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ನನಗೆ ಕಾಲೇಜು, ಅಣ್ಣ ಇರುವುದು ಹುಬ್ಬಳ್ಳಿಯಲ್ಲಿ. ಪರೀಕ್ಷೆ ಮುಗಿಸಿದ ಪುಟ್ಟಿ ಎರಡು ವಾರಕ್ಕೆಂದು ಬಂದವಳು ಹನ್ನೊಂದು ತಿಂಗಳು ಉಳಿದಳು. ಹಗಲು ಹೊತ್ತು ಮನೆಯಲ್ಲಿ ಇವರಿಬ್ಬರೇ. ಅಪ್ಪನಿಗೆ ಬೆಳಿಗ್ಗೆ ಎದ್ದ ತಕ್ಷಣ ಬಾವಿ ಬಗ್ಗಿ ನೋಡುವುದು ಅರವತ್ತು ವರ್ಷದ ಅಭ್ಯಾಸ. ಈಗ ಎದ್ದು ಹೋಗಲಾಗದೆ, "ಎಷ್ಟಿದೆ ನೋಡ್ಕೊಂಡು ಬಾ ಪುಟ್ಟೀ" ಅಂತ ಇವಳನ್ನು ಕಳಿಸುತ್ತಿದ್ದರು. ಇವಳು ಬಂದು "ಒಂದು ಕೈ ಇಳಿದಿದೆ ತಾತ" ಅಂದರೆ ಅವರಿಗೆ ಸಮಾಧಾನವಿಲ್ಲ. ಎಷ್ಟು ಅಂದರೆ ಎಷ್ಟು? ಹಾಗಾಗಿ ಎಸ್.ಜೆ.ಪಿ. ರಸ್ತೆಗೆ ಹೋಗಿ 15 ಮೀಟರಿನ ಸ್ಟೀಲ್ ಟೇಪ್ ಕೊಂಡುಬಂದಳು.

ಬಾವಿಯ ನೀರು ಎಷ್ಟು ಆಳದಲ್ಲಿದೆ ಅಂತ ಅಳೆಯಲು ಹಳೆಯ, ಒಳ್ಳೆಯ ದಾರಿ ಒಂದಿದೆ. ಟೇಪಿನ ತುದಿಗೆ ಭಾರಕ್ಕೊಂದು ನಟ್ಟು ಕಟ್ಟಿ, ಮೊದಲ ಒಂದು ಮೀಟರಿಗೆ ಬಿಳಿ ಸೀಮೆಸುಣ್ಣ ಬಳಿಯಬೇಕು. ತುದಿ ನೀರಿನೊಳಗೆ ಮುಳುಗುವಷ್ಟು ಇಳಿಬಿಟ್ಟು, ಬಾವಿಯ ಅಂಚಿನಲ್ಲಿ ಒಂದು ಸರಿಯಾದ ಅಂಕಿಗೆ, ಹೇಳೋಣ 6 ಮೀಟರಿಗೆ, ಹಿಡಿಯಬೇಕು. ಮೇಲೆಳೆದರೆ ಸೀಮೆಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿ ಕಪ್ಪಾಗಿದೆ ಅನ್ನುವುದು ಗೆರೆ ಎಳೆದ ಹಾಗೆ ಕಾಣುತ್ತದೆ. ಒದ್ದೆ 42 ಸೆಂಟಿಮೀಟರ್ ಇದ್ದರೆ ನೀರು ಇರುವುದು 5.58 ಮೀಟರ್ ಕೆಳಗೆ. ಕತ್ತಲ ಬಾವಿಯೊಳಗೆ ಬಗ್ಗಿ ಅಂದಾಜು ಹೇಳುವ ಕಷ್ಟವಿಲ್ಲ. ನಮ್ಮ ಬಾವಿಯ ಕಲ್ಲಿನ ಕಟ್ಟೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಅದಕ್ಕೇ ಕಟ್ಟೆಯ ಮೇಲೆ ಒಂದು ಕಡೆ ಕೆಂಪು ಬಣ್ಣದ ಚುಕ್ಕೆ ಇಟ್ಟು, ಪ್ರತಿ ಸಲವೂ ಅಲ್ಲಿಂದಲೇ ಅಳೆದಳು. ಆಮೇಲೆ ಅಕ್ಕಪಕ್ಕದ ಬೀದಿಗಳ ನಾಲ್ಕು ಮನೆಯವರನ್ನು ಕೇಳಿಕೊಂಡು ಅವರ ಬಾವಿಗಳನ್ನೂ ಸೇರಿಸಿಕೊಂಡಳು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಐದೂ ಬಾವಿ. ಅಪ್ಪ ಕುರ್ಚಿಯಿಂದ ಅಂಕಿ ಕೇಳಿಸಿಕೊಂಡು ಎಡಗೈಯಲ್ಲಿ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ಕೈ ಪಳಗಲಿ ಅಂತ ಡಾಕ್ಟರೂ ಹಾಗೇ ಮಾಡಿ ಅಂದಿದ್ದರು.

ಇಷ್ಟು ಕೇಳುವ ಹೊತ್ತಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸಿವಿಯಲ್ಲಿ ನನ್ನ ಪೆನ್ಸಿಲ್ ಬಿದ್ದ ಎರಡು ಜಾಗಗಳು ಬೇರೆಬೇರೆಯಲ್ಲ. ಆ ಖಾಲಿ ವರ್ಷವೂ ಆ ಗೈಡ್ ಇಲ್ಲದ ಪ್ರಾಜೆಕ್ಟೂ ಒಂದೇ ಘಟನೆ. ಒಂದು ಇದ್ದದ್ದರಿಂದ ಇನ್ನೊಂದು ಆಯಿತು. ಆದರೆ ಸಿವಿಗೆ ತಲೆಬರಹಗಳಿವೆ. ಓದು, ಕೆಲಸ, ಪ್ರಾಜೆಕ್ಟು, ಕೌಶಲ ಅಂತ ಬೇರೆ ಬೇರೆ ಡಬ್ಬಿಗಳು. ಒಂದು ಡಬ್ಬಿಯಲ್ಲಿ ಅದು ಕೊರತೆಯಾಗಿ ಕೂತಿದೆ, ಇನ್ನೊಂದರಲ್ಲಿ ಸಾಧಾರಣ ಸಾಲಾಗಿ. ಅವೆರಡನ್ನು ಸೇರಿಸುವ 'ಆದ್ದರಿಂದ' ಅನ್ನುವ ಪದಕ್ಕೆ ಸಿವಿಯಲ್ಲಿ ಜಾಗವೇ ಇಲ್ಲ. ಪಟ್ಟಿಯಲ್ಲಿ 'ಮತ್ತು' ಒಂದೇ ಇರಲು ಸಾಧ್ಯ. ಇದೂ ಮಾಡಿದೆ, ಅದೂ ಮಾಡಿದೆ. ಪುಟ್ಟಿ ಅಡುಗೆಮನೆಯಲ್ಲಿ ಕೂತು ಕತೆ ಹೇಳುವಾಗ ನಾನು ಗಮನಿಸಿದ್ದು ಅದನ್ನೇ. ಹೆಜ್ಜೆಹೆಜ್ಜೆಗೂ 'ಅದಕ್ಕೇ', 'ಆದ್ರೆ', 'ಆಮೇಲೆ ನೋಡಿದ್ರೆ' ಬರುತ್ತಿದ್ದವು. ಅವಳ ಎರಡು ಪುಟದ ಎಸ್‌ಒಪಿಯಲ್ಲಿ ಹುಡುಕಿದರೆ 'ಆದರೆ' ಒಂದೂ ಇರಲಿಲ್ಲ.

ಮುಂದಿನದನ್ನು ಅವಳು ಹೇಳಲು ಹಿಂಜರಿದಳು. ನಾನೇ ನೆನಪಿಸಿದೆ.

ಅಕ್ಟೋಬರಿನಲ್ಲಿ ನಮ್ಮ ಬಾವಿಯ ನೀರು ಒಂದೇ ವಾರದಲ್ಲಿ ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಇಳಿದಿತ್ತು. ಮುಂದಿನ ಮೂರು ವಾರವೂ ಹಾಗೇ ತಗ್ಗಿನಲ್ಲಿತ್ತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಎಲ್ಲರ ಬಾಯಲ್ಲೂ ಬರದ ಮಾತು. ಬರದ ಮೊದಲ ಗುರುತು ತನ್ನ ಟೇಪಿಗೆ ಸಿಕ್ಕಿತು ಅಂತ ಪುಟ್ಟಿ ಗ್ರಾಫ್ ಹಾಕಿ ಸ್ನೇಹಿತರಿಗೂ ಕಳಿಸಿದ್ದಳು. ಮಿಕ್ಕ ನಾಲ್ಕು ಬಾವಿಗಳಲ್ಲಿ ಅಷ್ಟು ಇಳಿತ ಯಾಕಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಆ ನಾಲ್ಕು ವಾರ ಅಪ್ಪನ ಫಿಸಿಯೋಥೆರಪಿ ಬೆಳಿಗ್ಗೆ ಏಳಕ್ಕೆ ಬದಲಾಗಿತ್ತು. ಮಿಕ್ಕ ಬಾವಿಗಳನ್ನು ಅದು ಮುಗಿದ ಮೇಲೆ ಎಂಟೂವರೆಗೆ ನೋಡಿಕೊಂಡು ಬಂದರೂ, ಮನೆಯ ಬಾವಿ ತಾನೇ ಅಂತ ನಮ್ಮದನ್ನು ಸಂಜೆಗೆ ಬಿಟ್ಟಿದ್ದಳು. ಸಂಜೆ ಐದಕ್ಕೆ ನಾವು ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸುತ್ತೇವೆ. ಅವಳು ಅಳೆದದ್ದು ಬರವನ್ನಲ್ಲ, ನಮ್ಮ ಮೋಟರನ್ನು. ಖಾತ್ರಿ ಮಾಡಿಕೊಳ್ಳಲು ಒಂದು ಭಾನುವಾರ ಬೆಳಿಗ್ಗೆಯೂ ಸಂಜೆಯೂ ಅಳೆದಳು. 36 ಸೆಂಟಿಮೀಟರ್ ವ್ಯತ್ಯಾಸ. ಆ ನಾಲ್ಕು ಅಂಕಿಗಳನ್ನು ಗೆರೆ ಹೊಡೆದು ತೆಗೆದಳು. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಹೊಸ ಕಾಲಂ ಬಂತು: ಕೊನೆಯ ಸಲ ಮೋಟರ್ ಹಾಕಿದ್ದು ಎಷ್ಟು ಗಂಟೆಗೆ.

"ಇದನ್ನ ಬರೀಬೇಕಾ ಅತ್ತೆ? ತಪ್ಪು ಮಾಡಿದ್ದೀನಿ ಅಂತ ನಾನೇ ಹೇಳ್ಕೊಂಡ ಹಾಗಾಗಲ್ವಾ?"

ಇದೇ ಮುಖ್ಯ ಅಂದೆ. ಸಿವಿಯ '47 ವಾರ' ಓದಿದವರಿಗೆ ಇವಳು ಪಟ್ಟುಹಿಡಿದು ಮಾಡುವವಳು ಅಂತ ತಿಳಿಯುತ್ತದೆ. ಆ ನಾಲ್ಕು ಅಂಕಿಗಳ ಕತೆ ಓದಿದವರಿಗೆ ಬೇರೆಯದೇ ತಿಳಿಯುತ್ತದೆ. ತನಗೆ ಇಷ್ಟವಾದ ತೀರ್ಮಾನವನ್ನು ತಾನೇ ಅನುಮಾನಿಸಿದಳು, ಪರೀಕ್ಷೆ ಮಾಡುವ ದಾರಿ ಹುಡುಕಿದಳು, ಕೆಲಸದ ರೀತಿ ಬದಲಿಸಿಕೊಂಡಳು. ಸಂಶೋಧನೆಗೆ ಜನರನ್ನು ಆರಿಸುವವರು ಹುಡುಕುವುದು ಇದನ್ನು. ಮಾಡಿದ ಕೆಲಸದ ಎಣಿಕೆ ಪಟ್ಟಿಯಲ್ಲಿ ಸಿಗುತ್ತದೆ, ಆ ಕೆಲಸದ ನಡುವೆ ತಲೆ ಹೇಗೆ ಓಡಿತು ಅನ್ನುವುದು ಸಿಗುವುದಿಲ್ಲ. 'ವಿಮರ್ಶಾತ್ಮಕ ಚಿಂತನೆ' ಅಂತ ಕೌಶಲಗಳ ಡಬ್ಬಿಯಲ್ಲಿ ಬರೆದುಕೊಂಡವರನ್ನು ನೂರಾರು ಸಲ ನೋಡಿದ್ದೇನೆ. ಹಾಗೆ ಬರೆದುಕೊಂಡ ಮಾತನ್ನು ನಂಬಲು ನನಗೆ ಯಾವ ಆಧಾರವೂ ಇರುವುದಿಲ್ಲ.

ಆಮೇಲೆ ಫೆಬ್ರವರಿ 2024. ಬೆಂಗಳೂರಿನವರಿಗೆ ಆ ಬೇಸಿಗೆ ಮರೆಯುವಂಥದ್ದಲ್ಲ. ಸಾವಿರಾರು ಕೊಳವೆಬಾವಿಗಳು ಬತ್ತಿ, ಅಪಾರ್ಟ್‌ಮೆಂಟುಗಳ ಮುಂದೆ ಟ್ಯಾಂಕರುಗಳು ಸಾಲುಗಟ್ಟಿದ್ದವು. ಮಳೆಯ ಸುಳಿವಿಲ್ಲ. ಆಗ ಪುಟ್ಟಿಯ ಮೂರನೇ ಬಾವಿಯಲ್ಲಿ ನೀರು ಏರತೊಡಗಿತು. ಮೂರು ವಾರದಲ್ಲಿ 22 ಸೆಂಟಿಮೀಟರ್. ಈ ಸಲ ಅವಳು ಯಾರಿಗೂ ಗ್ರಾಫ್ ಕಳಿಸಲಿಲ್ಲ. ಮೊದಲು ಕೆಂಪು ಚುಕ್ಕೆ ಸರಿಯಿದೆಯಾ, ಮೋಟರ್ ಯಾವಾಗ ಹಾಕಿದ್ದರು ಅಂತ ನೋಡಿದಳು. ಎಲ್ಲ ಸರಿಯಿತ್ತು. ಮಳೆ ಇಲ್ಲದೆ ನೀರು ಬಂದಿದೆಯೆಂದರೆ ನೆಲದಡಿಯ ಯಾವುದೋ ಪೈಪು ಸೋರುತ್ತಿರಬೇಕು. ಕಾವೇರಿ ನೀರಿನದೋ, ಒಳಚರಂಡಿಯದೋ? ಬಾವಿಯ ಮನೆಯವರಿಗಂತೂ ಇದು ಸಣ್ಣ ಪ್ರಶ್ನೆಯಲ್ಲ.

ಡಿಸೆಂಬರಿನಲ್ಲಿ ಗೆಳತಿಯಿಂದ ಕಡ ತಂದಿದ್ದ, ಪೆನ್ನಿನಾಕಾರದ ವಾಹಕತೆ ಮೀಟರ್ ಅವಳ ಹತ್ತಿರ ಇತ್ತು. ನೀರಿನಲ್ಲಿ ಕರಗಿದ ಲವಣ ಹೆಚ್ಚಿದ್ದಷ್ಟೂ ಅದರ ಅಂಕಿ ಏರುತ್ತದೆ. ಆ ಬಾವಿಯದು ಮಾಮೂಲಾಗಿ 1,150ರ ಆಸುಪಾಸು, ಅದೇ ಮನೆಯ ಕಾವೇರಿ ನಲ್ಲಿಯದು 350. ಚರಂಡಿ ನೀರು ಸೇರಿದ್ದರೆ ಬಾವಿಯ ಅಂಕಿ ಸಾಮಾನ್ಯವಾಗಿ ಇಳಿಯುವುದಿಲ್ಲ. ಅದು 990ಕ್ಕೆ ಇಳಿದಿತ್ತು. ಲೆಕ್ಕ ಸುಲಭ. ಎರಡು ನೀರಿನ ನಡುವಿನ ಅಂತರ 800, ಬಾವಿ ಇಳಿದದ್ದು 160, ಅಂದರೆ ಸುಮಾರು ಐದರಲ್ಲಿ ಒಂದು ಪಾಲು ನಲ್ಲಿ ನೀರು. ಬೇರೆ ಯಾವ ನೀರೂ ಸೇರಿಲ್ಲ ಅಂತ ಇಟ್ಟುಕೊಂಡರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ, ಅದು ಅವಳಿಗೂ ಗೊತ್ತು. ಮಾರ್ಚ್ ಕೊನೆಯಲ್ಲಿ ಆ ಬೀದಿಯ ರಸ್ತೆ ಅಗೆದು ಪೈಪ್ ಸರಿಮಾಡಿದರು. ಹತ್ತು ದಿನದಲ್ಲಿ ಬಾವಿಯ ನೀರು ಇಳಿಯತೊಡಗಿತು.

ಇದನ್ನು ಹೇಳಿ ಅವಳು ತಾನಾಗೇ ಇನ್ನೊಂದು ಮಾತು ಸೇರಿಸಿದಳು. "ಆದ್ರೆ ಅತ್ತೆ, ಐದನೇ ಬಾವಿ ಆ ಪೈಪಿಗೆ ಇನ್ನೂ ಹತ್ರ ಇದೆ. ಅದ್ಯಾಕೆ ಏರ್ಲಿಲ್ಲ ಅಂತ ನಂಗಿನ್ನೂ ಗೊತ್ತಾಗಿಲ್ಲ. ಬಂಡೆಯ ಸೀಳು ಯಾವ ಕಡೆ ಓಡಿದೆ ಅನ್ನೋದು ಗೊತ್ತಿರ್ಬೇಕು. ಅದನ್ನ ಟೇಪಲ್ಲಿ ಅಳೆಯಕ್ಕಾಗಲ್ಲ."

ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಅವಳ ಅರ್ಜಿಯ ಕೊನೆಯ ಪ್ಯಾರಾ ಸಿಕ್ಕಿತ್ತು. ಯಾಕೆ ಆ ಕೋರ್ಸು ಅನ್ನುವುದಕ್ಕೆ 'ಜಗತ್ಪ್ರಸಿದ್ಧ' ಅನ್ನುವ ಪದದ ಅಗತ್ಯ ಇನ್ನಿರಲಿಲ್ಲ. ಗಟ್ಟಿಬಂಡೆಯ ಸೀಳುಗಳಲ್ಲಿ ನೀರು ಹೇಗೆ ಹರಿಯುತ್ತದೆ ಅನ್ನುವ ಪತ್ರಿಕೆ ಆ ಕೋರ್ಸಿನ ಎರಡನೇ ಸೆಮಿಸ್ಟರಿನಲ್ಲಿದೆ. ಬೆಂಗಳೂರು ಕೂತಿರುವುದು ಅಂಥ ಬಂಡೆಯ ಮೇಲೇ, ನೈಸ್ ಶಿಲೆ. ಅವಳಿಗೆ ಉತ್ತರ ಬೇಕಿರುವ ಪ್ರಶ್ನೆ ಒಂದಿದೆ, ಅದನ್ನು ಬಿಡಿಸುವ ವಿದ್ಯೆ ಅಲ್ಲಿದೆ. ಈ ಎರಡು ವಾಕ್ಯ ಸಾಕು.

ಆ ರಾತ್ರಿ ಅವಳು ಬರೆದ ಎರಡನೇ ಕರಡು ಬೇರೆ ರೀತಿಯಲ್ಲಿ ದಾರಿ ತಪ್ಪಿತ್ತು. ನನ್ನ ಮಾತಿನಿಂದಲೇ ಹಾಗಾಯಿತು ಅಂತ ಈಗ ಅನ್ನಿಸುತ್ತದೆ. ಕತೆ ಹೇಳು ಅಂದಿದ್ದೆನಲ್ಲ, ಅವಳು ಕತೆಯನ್ನೇ ಬರೆದಿದ್ದಳು. ಆಂಬುಲೆನ್ಸು ಬಂದ ರಾತ್ರಿ, ಅಪ್ಪನ ಸೊಟ್ಟಗಾದ ಬಾಯಿ, ಪಾರಿಜಾತದ ಹೂ ಬಿದ್ದ ಬಾವಿಕಟ್ಟೆ, ಎಲ್ಲ ಸೇರಿ 300 ಪದ. ಓದಿ ನನಗೆ ಕಣ್ಣು ತುಂಬಿಬಂತು. ಆದರೂ ತೆಗೆ ಅಂದೆ. ಅಲ್ಲಿ ಓದುವವರಿಗೆ ಬೇಕಾದದ್ದು ಅಪ್ಪನ ಕಾಯಿಲೆಯ ವಿವರವಲ್ಲ, ಇವಳು ಆ ವರ್ಷ ಎಲ್ಲಿದ್ದಳು, ಅದರಿಂದ ಏನು ಶುರುವಾಯಿತು ಅನ್ನುವುದು. ಕೊನೆಗೆ ಉಳಿದದ್ದು ಎರಡು ವಾಕ್ಯ: "ಪದವಿಯ ನಂತರ 11 ತಿಂಗಳು ಪಾರ್ಶ್ವವಾಯು ಪೀಡಿತರಾದ ತಾತನನ್ನು ನೋಡಿಕೊಂಡೆ. ಮನೆ ಬಿಟ್ಟು ಹೋಗಲಾಗದ ಆ ದಿನಗಳಲ್ಲಿ, ಅವರು ದಿನವೂ ಕೇಳುತ್ತಿದ್ದ ಒಂದು ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡಲು ಬಾವಿಯನ್ನು ಅಳೆಯತೊಡಗಿದೆ." ಕನಿಕರ ಕೇಳುವ ಮಾತು ಇದರಲ್ಲಿ ಇಲ್ಲ. ಖಾಲಿ ಜಾಗವೂ ತುಂಬಿತು. ಪಾರಿಜಾತವನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಸಿವಿಯಲ್ಲಿರುವ ಯಾವ ಅಂಕಿಯೂ ಹೇಳಿಕೆಯಲ್ಲಿ ಬರಲೇಬಾರದು ಅಂತ ಕೆಲವರು ಹೇಳುತ್ತಾರೆ. ಅದು ಅತಿಯಾಯಿತು. 'ಐದು ಬಾವಿ' ಅನ್ನದೆ ಪುಟ್ಟಿಯ ಕತೆಯನ್ನು ಹೇಳಲು ಆಗುವುದೇ ಇಲ್ಲ, ಐದರಲ್ಲಿ ಒಂದೇ ಏರಿತು ಅನ್ನುವುದೇ ಅಲ್ಲಿ ವಿಷಯ. ಸಿವಿಯಲ್ಲಿ ಐದು ಅನ್ನುವುದು ಕೆಲಸದ ಗಾತ್ರ ತೋರಿಸಲು ಇದೆ, ಇಲ್ಲಿ ಅದು ವಾದದ ಒಂದು ಮೆಟ್ಟಿಲು. ಅದೇ 8.4 ಸಿಜಿಪಿಎ ಯಾವ ಮೆಟ್ಟಿಲೂ ಆಗಿರಲಿಲ್ಲ, ತೆಗೆದೆವು. ಎನ್ಎಸ್ಎಸ್ ಹೋಯಿತು. ಪೈಥಾನ್ ಉಳಿಯಿತು, ಆದರೆ 'ಬಳಸಬಲ್ಲೆ' ಅಂತಲ್ಲ, ವಾರದ ಅಂಕಿಗಳನ್ನು ಮಳೆಯ ದಾಖಲೆಯ ಪಕ್ಕ ಇಟ್ಟು ನೋಡುವಾಗ ಒಂದು ಅರ್ಧ ವಾಕ್ಯವಾಗಿ. ಬರೆದದ್ದು ಇನ್ನೂ ಪಟ್ಟಿಯಾಗೇ ಇದೆಯಾ ಅಂತ ತಿಳಿಯಲು ನಾನು ಮಕ್ಕಳಿಗೆ ಮಾಡಿಸುವುದು ಇಷ್ಟೇ: ಎರಡು ಪ್ಯಾರಾಗಳನ್ನು ಅದಲುಬದಲು ಮಾಡಿ ಓದಿಸುತ್ತೇನೆ. ಏನೂ ಕೆಡದಿದ್ದರೆ ಅದು ಪಟ್ಟಿ. ಪುಟ್ಟಿಯ ಮೊದಲ ಕರಡಿನಲ್ಲಿ ಎನ್ಎಸ್ಎಸ್ ಪ್ಯಾರಾ ಎಲ್ಲಿಟ್ಟರೂ ಕೂರುತ್ತಿತ್ತು. ಹೊಸದರಲ್ಲಿ ಅಕ್ಟೋಬರಿನ ತಪ್ಪನ್ನು ಫೆಬ್ರವರಿಯ ಏರಿಕೆಯ ನಂತರ ಇಟ್ಟರೆ, ಅವಳು ಗ್ರಾಫ್ ಕಳಿಸದೆ ಮೊದಲು ಚುಕ್ಕೆ, ಮೋಟರ್ ನೋಡಿದ್ದು ಯಾಕೆ ಅಂತಲೇ ಅರ್ಥವಾಗುವುದಿಲ್ಲ.

"ಅವರು ಸಿವಿ ತೆಗೆದೇ ನೋಡದಿದ್ರೆ?" ಅಂತ ಅವಳು ಕೇಳಿದ್ದು ನ್ಯಾಯವಾದ ಭಯ. ಸಿವಿಯನ್ನೇ ಕೇಳದ, ಹೇಳಿಕೆಯೊಂದನ್ನೇ ಓದುವ ಕಡೆಗಳೂ ಇವೆ, ಅಂಥಲ್ಲಿ ಮುಖ್ಯ ಸಂಗತಿಗಳನ್ನು ಹೇಳಿಕೆಯಲ್ಲೇ ತರಬೇಕು. ಅದಕ್ಕೇ ಮೊದಲು ಅರ್ಜಿಯಲ್ಲಿ ಏನೇನು ಕೇಳಿದ್ದಾರೆ ಅಂತ ಪೂರ್ತಿ ಓದಬೇಕು. ಹೆಚ್ಚಿನ ಕಡೆ ಅರ್ಜಿಯ ರಚನೆಯೇ ಎರಡನ್ನೂ ಬೇರೆ ಇಟ್ಟಿರುತ್ತದೆ. ಪಿಯುಸಿ ಮಕ್ಕಳು ಅಮೆರಿಕದ ಕಾಲೇಜುಗಳಿಗೆ ಹಾಕುವ ಕಾಮನ್ ಆಪ್‌ನಲ್ಲಿ ಚಟುವಟಿಕೆಗಳಿಗೆಂದೇ ಹತ್ತು ಸಾಲುಗಳಿವೆ, ಒಂದೊಂದರ ವಿವರಣೆಗೆ 150 ಅಕ್ಷರ, ಪ್ರಬಂಧಕ್ಕೆ ಬೇರೆಯಾಗಿ 650 ಪದ. ಬ್ರಿಟನ್ನಿನಲ್ಲಿ ಪದವಿ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ ಯುಸಿಎಎಸ್ ತನ್ನ 4,000 ಅಕ್ಷರಗಳ ಹೇಳಿಕೆಯನ್ನು 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಾಗಿ ಒಡೆದಿದೆ. ಮೂರನೆಯದು ಓದಿನಾಚೆ ಏನು ಮಾಡಿದೆ ಅನ್ನುವಲ್ಲಿಗೆ ನಿಲ್ಲುವುದಿಲ್ಲ, ಅದು ಯಾಕೆ ಉಪಯೋಗಕ್ಕೆ ಬಂತು ಅಂತಲೂ ಕೇಳುತ್ತದೆ. ಸಂಶೋಧಕರ ಮಟ್ಟದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಲಂಡನ್ನಿನ ರಾಯಲ್ ಸೊಸೈಟಿ 2019ರಲ್ಲಿ ಸಿವಿಯನ್ನೇ ನಿರೂಪಣೆಯಾಗಿ ಬರೆಯುವ ಒಂದು ನಮೂನೆ ಕೊಟ್ಟಿತು. ಪ್ರಕಟಣೆಗಳ ಉದ್ದ ಪಟ್ಟಿಯಲ್ಲಿ ಕಾಣದೆ ಹೋಗುವ ಕೊಡುಗೆಗಳು, ಅಂದರೆ ಕಿರಿಯರನ್ನು ಬೆಳೆಸಿದ್ದು, ಜನರ ಜೊತೆ ಕೆಲಸ ಮಾಡಿದ್ದು, ಅದರಲ್ಲಿ ಬರಲಿ ಅಂತ.

ಕಳಿಸುವ ಮೊದಲು ಸಿವಿಯಲ್ಲೂ ಒಂದು ತಿದ್ದುಪಡಿ ಆಯಿತು. '47 ವಾರ' ಅನ್ನುವುದರ ಮುಂದೆ 'ಒಂದು ಬಾವಿಯ 4 ಮಾಪನ ಕೈಬಿಡಲಾಗಿದೆ' ಅಂತ ಅವಳೇ ಸೇರಿಸಿದಳು. ಹೇಳಿಕೆಯಲ್ಲಿ ಒಂದು, ಸಿವಿಯಲ್ಲಿ ಒಂದು ಇರಬಾರದಲ್ಲ. ಹೇಳಿಕೆ 742 ಪದಕ್ಕೆ ನಿಂತಿತು. ಇನ್ನೂ 58 ಪದ ಮಿಕ್ಕಿವೆ, ಎನ್ಎಸ್ಎಸ್ ಸೇರಿಸಲಾ ಅಂತ ಕೇಳಿದಳು. ಬೇಡ ಅಂದೆ.

ಜನವರಿಯಲ್ಲಿ ಆನ್‌ಲೈನ್ ಸಂದರ್ಶನ ಆಯಿತು, ನಮ್ಮ ಮನೆಯ ನಡುಕೋಣೆಯಲ್ಲೇ, 25 ನಿಮಿಷ. ಬಾಗಿಲಾಚೆ ಅಪ್ಪ ಕೋಲು ಹಿಡಿದು ನಿಂತಿದ್ದರು, ನಾನು ಅವರ ಪಕ್ಕ. ಮಾರ್ಕ್ಸ್ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ವಾಹಕತೆಯ ಲೆಕ್ಕದಲ್ಲಿ ಬೇರೆ ನೀರು ಸೇರಿಲ್ಲ ಅಂತ ಹೇಗೆ ಹೇಳುತ್ತೀ ಅಂತ ಕೇಳಿದರು, ಹೇಳಲಾರೆ ಅಂದಳು. ಐದನೇ ಬಾವಿಯ ಬಗ್ಗೆ ಬಹಳ ಹೊತ್ತು ಕೇಳಿದರು. ಅದರ ಆಳವೆಷ್ಟು, ತಳದಲ್ಲಿ ಮಣ್ಣೋ ಬಂಡೆಯೋ, ಒಳಗೋಡೆಗೆ ಸಿಮೆಂಟ್ ಹಾಕಿಸಿದ್ದಾರಾ?

ಒಳಗೋಡೆಯನ್ನು ಅವಳು ನೋಡಿಯೇ ಇರಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ಮಾರನೇ ಬೆಳಿಗ್ಗೆ ಟಾರ್ಚ್ ಹಿಡಿದು ಆ ಮನೆಗೆ ಹೋದಳು. ಹತ್ತು ಅಡಿಯ ಕೆಳಗೆ ಪೂರ್ತಿ ಸಿಮೆಂಟ್ ರಿಂಗ್ ಇಳಿಸಿದ್ದಾರಂತೆ, ನೀರು ಬರುವುದು ತಳದಿಂದ ಮಾತ್ರ. ವಾಪಸು ಬಂದು ತಾತನ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದಳು.